ಹಟ್ಟಿಯ ಬಾಗಿಲಿಗೇ ತಂದ ಸಣ್ಣ ಟಿಸಿ

ಶಿರಾ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ ಸಂಜೆಯಾದರೆ ಮಿಕ್ಸಿ ತಿರುಗುತ್ತಿರಲಿಲ್ಲ. ಊರವರು ಕೇಳಿದ್ದು ಒಂದೇ: "ಸಾರ್, ದೊಡ್ಡ ಟಿಸಿ ಹಾಕ್ಸಿಕೊಡಿ." ಅಳೆದು ನೋಡಿದೆ. ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್ ಹತ್ತಿರ 230 ವೋಲ್ಟ್ ಸರಿಯಾಗೇ ಇತ್ತು, 800 ಮೀಟರ್ ಆಚೆ ಹಟ್ಟಿಯಲ್ಲಿ 194. ಅಂದ್ರೆ ಟಿಸಿಯದ್ದೇನೂ ತಪ್ಪಿಲ್ಲ, ವೋಲ್ಟೇಜ್ ದಾರಿಯಲ್ಲೇ ಬಿದ್ದುಹೋಗ್ತಿದೆ. ಅಲ್ಲಿ ಎಷ್ಟು ದೊಡ್ಡ ಟಿಸಿ ಕೂರಿಸಿದರೂ ಹಟ್ಟಿಗೆ ಅದರಿಂದ ಉಪಯೋಗವಿಲ್ಲ.

ಲೆಕ್ಕ ಸುಲಭ. ಲೈನಿಗೆ ಎಳೆದಿರುವುದು ವೀಸಲ್ ಅನ್ನೋ ಅಲ್ಯೂಮಿನಿಯಂ ತಂತಿ, ಅದರ ತಡೆ ಕಿಲೋಮೀಟರಿಗೆ ಸುಮಾರು 0.91 ಓಮ್. ಹೋಗುವ ತಂತಿ, ಬರುವ ತಂತಿ ಸೇರಿ 1.6 ಕಿಲೋಮೀಟರ್, ಹತ್ತಿರ ಹತ್ತಿರ 1.45 ಓಮ್. ಸಂಜೆ ತಂತಿಗೆ ಟಾಂಗ್ ಟೆಸ್ಟರ್ ಹಾಕಿ ಕರೆಂಟ್ ಅಳೆದರೆ 25 ಆಂಪ್. ಗುಣಿಸಿದರೆ 36 ವೋಲ್ಟ್ ಇಳಿತ, ಮತ್ತೆ ತಂತಿ ಕಾಯಿಸುವುದಕ್ಕೇ ಸುಮಾರು 900 ವ್ಯಾಟ್ ಖರ್ಚು.

ವೋಲ್ಟೇಜ್ ಹೆಚ್ಚಿಸಿದರೆ ಅಷ್ಟೇ ಲೋಡಿಗೆ ಕರೆಂಟ್ ಕಡಿಮೆ ಸಾಕು. ಹಾಗಾಗಿ ಆ 230 ವೋಲ್ಟಿನ ಎಲ್‌ಟಿ ಲೈನನ್ನೇ ಎರಡು ಫೇಸಿನ 11 ಕೆವಿ ಲೈನ್ ಮಾಡಿದೆವು. ತಂತಿ ಅದೇ. ಕ್ರಾಸ್ ಆರ್ಮ್, ಇನ್ಸುಲೇಟರ್ ಬದಲಾಯಿಸಿದೆವು, ರಸ್ತೆ ದಾಟುವ ಕಡೆ ಎತ್ತರ ಸಾಲದ ಕಂಬಗಳನ್ನೂ ಬದಲಾಯಿಸಿದೆವು, ಯಾಕಂದ್ರೆ ಅಲ್ಲಿ 11 ಕೆವಿಗೆ 6.1 ಮೀಟರ್ ಬೇಕೇ ಬೇಕು. ಹಟ್ಟಿಯ ಬಾಯಲ್ಲಿ 10 ಕೆವಿಎ ಸಿಂಗಲ್ ಫೇಸ್ ಟಿಸಿ. ಈಗ ಅಷ್ಟೇ ಲೋಡಿಗೆ ಲೈನಿನಲ್ಲಿ ಹರಿಯುವುದು ಬರೀ ಅರ್ಧ ಆಂಪ್, ನಷ್ಟ ಅರ್ಧ ವ್ಯಾಟ್ ಕೂಡ ಇಲ್ಲ! ಟಿಸಿಯಿಂದ ಮನೆಗಳಿಗೆ ಇನ್ಸುಲೇಷನ್ ಇರುವ ಕೇಬಲ್ ಎಳೆದಿದ್ದರಿಂದ ಕೊಕ್ಕೆ ಹಾಕುವುದೂ ನಿಂತಿತು.

ಸಣ್ಣ ಟಿಸಿ ಸುಟ್ಟುಹೋಗುವುದು ಜಾಸ್ತಿ ಓವರ್‌ಲೋಡ್‌ನಿಂದ. 10 ಕೆವಿಎಗೆ 11 ಕೆವಿ ಬರುವ ಎಚ್‌ಟಿ ಕಡೆ ಪೂರ್ತಿ ಲೋಡಿನಲ್ಲೂ ಒಂದು ಆಂಪ್ ಇಲ್ಲ, ಅಲ್ಲಿ ಕಟ್ಟುವ ಫ್ಯೂಸ್ ತಂತಿ ಎಷ್ಟೇ ತೆಳುವಾಗಿದ್ದರೂ ಅದಕ್ಕಿಂತ ಎಷ್ಟೋ ಪಟ್ಟು ತಡೆದುಕೊಳ್ಳುತ್ತೆ, ಹಾಗಾಗಿ ಶಾರ್ಟ್ ಆದಾಗ ಮಾತ್ರ ಅದು ಹೋಗೋದು. ಓವರ್‌ಲೋಡ್ ಹಿಡಿಯಬೇಕಾದ್ದು ಎಲ್‌ಟಿ ಕಡೆಯ 40 ಆಂಪಿನ ಎಂಸಿಬಿ. ಅದು ಪದೇ ಪದೇ ಬೀಳ್ತಿದೆ ಅಂತ ಯಾರಾದರೂ ನೇರ ತಂತಿ ಕೊಟ್ಟರೆ ಕಾಯಿಲ್ ಹೋಯ್ತು ಅಂತಲೇ ಲೆಕ್ಕ. ನಾನು ಬಾಕ್ಸಿಗೆ ಬೀಗ ಹಾಕಿಸಿದೆ. ಎಂಸಿಬಿ ಬಿದ್ದರೆ ಮೊದಲು ಟಾಂಗ್ ಹಾಕಿ ನೋಡಿ, 10 ಕೆವಿಎಯ ಪೂರ್ತಿ ಲೋಡಾದ 43 ಆಂಪ್ ಮೀರುತ್ತಿದ್ದರೆ 16 ಕೆವಿಎ ಕೇಳಿ.

ಹಾಗಂತ ಎರಡೆರಡು ಮನೆಗೆ ಒಂದೊಂದು ಟಿಸಿ ಹಾಕಬೇಡಿ. 10 ಕೆವಿಎ ಟಿಸಿ ಲೋಡ್ ಇಲ್ಲದಿದ್ದರೂ ಸುಮಾರು 40 ವ್ಯಾಟ್ ತಿನ್ನುತ್ತೆ, ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್. ಸಂಜೆ ನಾಲ್ಕು ಗಂಟೆಯ ಲೋಡಿನಲ್ಲೇ ಮೂರೂವರೆ ಯೂನಿಟ್ ಉಳಿಸುವ ನಮ್ಮ ಹಟ್ಟಿಗೆ ಇದು ಲಾಭ, ಒಂಟಿ ತೋಟದ ಮನೆಗೆ ಅಲ್ಲ. ಬೋರ್‌ವೆಲ್‌ನ ತ್ರೀ ಫೇಸ್ ಮೋಟಾರಿಗೂ ಇದು ಆಗಲ್ಲ, ಅದಕ್ಕೆ ತ್ರೀ ಫೇಸ್ ಟಿಸಿಯೇ ಬೇಕು.

ಪಕ್ಕದ ಹಟ್ಟಿಗೂ ಹೀಗೇ ಮಾಡುವಾಗ, ಫೀಡರಿನ ಆರ್, ವೈ, ಬಿ ಮೂರು ಫೇಸುಗಳಲ್ಲಿ ಈ ಹಟ್ಟಿಗೆ ಕೊಟ್ಟ ಆರ್-ವೈ ಬಿಟ್ಟು ವೈ-ಬಿ ಫೇಸಿಗೆ ಸೇರಿಸಿದೆವು. ಎಲ್ಲವನ್ನೂ ಅದೇ ಎರಡಕ್ಕೆ ಕಟ್ಟಿದರೆ ಫೀಡರಿನ ಬ್ಯಾಲೆನ್ಸ್ ತಪ್ಪುತ್ತೆ.