ಗೆರೆಯಾಚೆಗಿನ ಅವರೋಹ

ಕಲಬುರಗಿಯ ನಮ್ಮ ಭಜನೆ ಮಂಡಳಿಯಲ್ಲಿ ನಾನು 15 ವರ್ಷ ಹಾರ್ಮೋನಿಯಂ ನುಡಿಸಿದ್ದೆ. ಲೀಡ್ ಶೀಟ್ ಮೊದಲ ಸಲ ಕೈಗೆ ಬಂದಿದ್ದು ಬೀದರಿನ ಒಂದು ಚರ್ಚಿನಲ್ಲಿ. ಗೆಳೆಯನೊಬ್ಬ ಕರೆದ ಅಂತ ಅಲ್ಲಿನ ಕ್ರಿಸ್‌ಮಸ್ ಹಾಡುಗಳಿಗೆ ಕೀಬೋರ್ಡ್ ನುಡಿಸಲು ಒಪ್ಪಿಕೊಂಡಿದ್ದೆ. ಹಾಳೆಯಲ್ಲಿ ಹಾಡಿನ ಧಾಟಿ, ಅದರ ಮೇಲೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ಒತ್ತುವ ಸ್ವರಗುಂಪುಗಳ, ಹೆಸರು. ಅಷ್ಟೇ. ಒಂದು ಹಾಡಿನ ಸಾಲು ಹೀಗಿತ್ತು:

```
C   G/B   Am   Am/G
F   C/E   Dm7  G9    Cadd9
```

C, Am, F ನನಗೆ ಗೊತ್ತಿದ್ದವು. G/B ಹತ್ತಿರ ನಿಂತೆ. ಓರೆಗೆರೆ ಕಂಡರೆ ನಾವು "ಇದು ಅಥವಾ ಅದು" ಅಂತ ಓದುತ್ತೇವೆ, ಅಲ್ವಾ? ನಾನೂ ಹಾಗೆಯೇ ಓದಿ B ಕಾರ್ಡ್ ಹಿಡಿದೆ. ಅದರಲ್ಲಿ ಎರಡು ಕರಿ ಮನೆ ಬರುತ್ತವೆ. ಹಾಡು ಪೂರ್ತಿ ಬಿಳಿ ಮನೆಗಳದ್ದು. ಹಾಡುವವರೆಲ್ಲ ನಿಂತುಬಿಟ್ಟರು.

ಗೆರೆಯ ಎಡಕ್ಕಿರುವುದು ಪೂರ್ತಿ ಕಾರ್ಡ್. ಬಲಕ್ಕಿರುವುದು ಒಂದೇ ಒಂದು ಸ್ವರ, ಎಲ್ಲಕ್ಕಿಂತ ಕೆಳಗೆ ಕೇಳಬೇಕಾದ ಸ್ವರ. G/B ಅಂದರೆ ಬಲಗೈಯಲ್ಲಿ G, B, D. ಅಡಿಯಲ್ಲಿ B. ಇದನ್ನು ತಿಳಿದ ಮೇಲೂ ನಾನು ರೂಢಿಯಂತೆ ಎಡಗೈಯಲ್ಲಿ G ಒತ್ತುತ್ತಿದ್ದೆ. ಬೇಸ್ ಗಿಟಾರಿನ ಹುಡುಗ ಅಲ್ಲೇ B ನುಡಿಸುತ್ತಿದ್ದ. ಅಷ್ಟು ಕೆಳಗೆ ಎರಡು ಸ್ವರ ಒಟ್ಟಿಗೆ ಬಂದರೆ ಸದ್ದು ರಾಡಿಯಾಗುತ್ತದೆ. "ಅಣ್ಣಾ, ಕೆಳಗಿನ ಸ್ವರ ನೀವು ಬಿಡ್ರಿ, ಅದು ನನ್ದದ" ಅಂದ. ಎಡಗೈ ಎತ್ತಿದ ಕೂಡಲೇ ಸಾಲು ತಿಳಿಯಾಯಿತು.

ಅದು ಯಾಕೆ ಅಂತ ತಿಳಿದದ್ದು ಮರಳಿ ಬರುವಾಗ, ರೈಲಿನಲ್ಲಿ. ಹುಮನಾಬಾದ್ ದಾಟಿದ ಮೇಲೆ ಹಾಳೆ ತೆಗೆದು, ಅಡಿಸ್ವರಗಳನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆದೆ. ಗೆರೆ ಇದ್ದರೆ ಅದರ ಬಲಗಡೆಯ ಅಕ್ಷರ, ಇಲ್ಲದಿದ್ದರೆ ಕಾರ್ಡ್‌ನದೇ ಅಕ್ಷರ. C, B, A, G, F, E, D. ಇದು ಅವರೋಹ! ಸಾ ನಿ ಧ ಪ ಮ ಗ ರೇ. ಆಮೇಲೆ ಪ ಮುಟ್ಟಿ ಸಾ ಸೇರುತ್ತದೆ. ಬರೆದವರಿಗೆ ಬೇಕಾಗಿದ್ದು ಈ ಇಳಿಜಾರು. ಮೂರೂ ಗೆರೆಗಳು ಇದ್ದದ್ದು ಅದಕ್ಕಾಗಿ. ನಾನು G ಒತ್ತಿದಾಗ ಮೆಟ್ಟಿಲೊಂದು ಮುರಿಯುತ್ತಿತ್ತು. ಈಗ ಹೊಸ ಹಾಳೆ ಬಂದರೆ ಮೊದಲು ಈ ಅಡಿಸ್ವರಗಳನ್ನೇ ಹಾಡಿಕೊಳ್ಳುತ್ತೇನೆ.

ಎರಡನೇ ತೊಡಕು G9, Cadd9 ಹೆಸರುಗಳಲ್ಲಿರುವ 9. ಇಲ್ಲಿ ನನ್ನ ಹಾರ್ಮೋನಿಯಂ ಲೆಕ್ಕವೇ ಕೈಹಿಡಿಯಿತು. ಆದರೆ ಒಂದು ಬದಲಾವಣೆ ಬೇಕಿತ್ತು: ಹಾಡಿನ ಸಾ ಬಿಟ್ಟು, ಪ್ರತಿ ಕಾರ್ಡ್‌ನ ಮೊದಲ ಅಕ್ಷರವನ್ನೇ ಸಾ ಅಂತ ಹಿಡಿಯಬೇಕು. ಸಾ ಒಂದಾದರೆ ನಿ ಏಳು, ಮೇಲಿನ ಸಾ ಎಂಟು, ಮೇಲಿನ ರೇ ಒಂಬತ್ತು. ಇನ್ನು ಪ್ರಶ್ನೆ ಇರುವುದು ನಡುವಿನ ನಿ ಬಗ್ಗೆ. ಸುಮ್ನೆ C9 ಅಂತಿದ್ದರೆ ಕೋಮಲ ನಿ ಇರಲೇಬೇಕು: C, E, G, ಕೋಮಲ B, ಮೇಲೆ D. Cmaj9 ಅಂತಿದ್ದರೆ ಶುದ್ಧ ನಿ. Cadd9 ಅಂತಿದ್ದರೆ ನಿ ಇಲ್ಲವೇ ಇಲ್ಲ, ಸಾ ಗ ಪ ಜೊತೆ ರೇ ಮಾತ್ರ.

ಕೊನೆಯ Cadd9 ಜಾಗದಲ್ಲಿ ನಾನು ಒಮ್ಮೆ C9 ನುಡಿಸಿದೆ. ಹಾಡು ಮುಗಿಯಲೇ ಇಲ್ಲ. ಕೋಮಲ ನಿ ಸೇರಿದ C ಕಿವಿಯನ್ನು F ಕಡೆಗೆ ಎಳೆಯುತ್ತದೆ. ಹಾಡುವವರು ಇನ್ನೊಂದು ಸಾಲು ಇದೆಯೇನೋ ಅಂತ ನನ್ನ ಮುಖ ನೋಡಿದರು. ಈ ತಪ್ಪು ಹಿಡಿಯಲು ಅದೇ ಗುರುತು: ಮುಗಿಯಬೇಕಾದಲ್ಲಿ ಮುಂದಕ್ಕೆ ಎಳೆದರೆ, ಇರಬಾರದ ಕೋಮಲ ನಿ ಒಳಗೆ ಬಂದಿದೆ.

G9ರಲ್ಲಿ ಐದು ಸ್ವರ: G, B, D, F, A. ಐದನ್ನೂ ಹಿಡಿಯಲು ಒದ್ದಾಡಬೇಕಿಲ್ಲ. G ಬೇಸ್‌ನವನ ಹತ್ತಿರ ಇದೆ. ಪ, ಅಂದರೆ D, ಬಿಟ್ಟರೂ ಕಾರ್ಡ್‌ನ ಗುರುತು ಹೋಗುವುದಿಲ್ಲ. ಉಳಿದದ್ದು B, F, A. ಗ, ಕೋಮಲ ನಿ, ರೇ. ಮೂರು ಬೆರಳು ಸಾಕು. ಬೇಸ್ ನುಡಿಸುವವರು ಇಲ್ಲದ ದಿನ ಮಾತ್ರ ಎಡಗೈಯಲ್ಲಿ G ಸೇರಿಸುತ್ತೇನೆ.

ಮೂರನೇ ಚರಣದಲ್ಲಿ ಅದೇ ಜಾಗಕ್ಕೆ F/G ಅಂತ ಬರೆದಿತ್ತು. ಬರಹದ ತಪ್ಪಿರಬೇಕು ಅಂತ ನಾನು G9 ನುಡಿಸಿದೆ, ಕರ್ಕಶವಾಯಿತು. ಕಾಯಿರ್ ನಡೆಸುವ ಅಕ್ಕನವರು ಹಾಡಿನ ಧಾಟಿ ತೋರಿಸಿದರು. "ಇಲ್ಲಿ ನಮ್ಮವರು C ಎಳೀತಾರ. ನೀವು B ಹಿಡಿದರ ಎರಡೂ ಬಡಿದಾಡ್ತಾವ" ಅಂದರು. F/G ಅಂದರೆ F, A, C, ಅಡಿಯಲ್ಲಿ G. ಒಂಬತ್ತನೆಯದಾದ A ಇದೆ, ಕೋಮಲ ನಿಯಾದ F ಇದೆ, B ಮಾತ್ರ ಇಲ್ಲ. ಆ ಒಂದು ಸ್ವರ ತೆಗೆಯುವುದಕ್ಕೇ ಅವರು ಕಾರ್ಡ್‌ನ ಹೆಸರು ಬದಲಿಸಿದ್ದರು. ಹಾಡುವವರು C ಇಂದ B ಗೆ ಇಳಿದ ಮೇಲೆ ನಾನು G9 ಹಿಡಿದೆ, ಕೊನೆಗೆ Cadd9. ಆ ಸಲ ಯಾರೂ ನನ್ನ ಕಡೆ ತಿರುಗಲಿಲ್ಲ.