ಮಡಿಕೇರಿ ಹತ್ತಿದ ಮೇಲೆ ಇವಿ ಬ್ಯಾಟರಿ ಹಾಳಾಯ್ತು ಅಂದುಕೊಳ್ಳಬೇಡಿ

ಕಾಸರಗೋಡಿನಿಂದ ಸುಳ್ಯ ದಾರಿಯಾಗಿ ಮಡಿಕೇರಿಗೆ ಹೋದೆವು. ನಾಲ್ಕು ಜನ, ಎಸಿ ಪೂರ್ತಿ. ಫುಲ್ ಚಾರ್ಜ್ ಹಾಕಿ ಹೊರಟಿದ್ದು, ಮೇಲೆ ಮುಟ್ಟುವಾಗ ಉಳಿದದ್ದು ಕಾಲು ಭಾಗ. ಭಾವನಿಗೆ ಗಾಬರಿ.

ಲೆಕ್ಕ ಹಾಕಿ ನೋಡಿ. ನನ್ನದು 30 ಯೂನಿಟ್ ಬ್ಯಾಟರಿ. ಸಮತಟ್ಟು ರಸ್ತೆಯಾದರೂ ಅಷ್ಟು ದೂರಕ್ಕೆ 14 ಯೂನಿಟ್ ಬೇಕು. ಮೂರು ಗಂಟೆ ಎಸಿಗೆ ಸುಮಾರು 3. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರ. ಜನ ಸೇರಿ 1,600 ಕಿಲೋ ಭಾರವನ್ನು ಅಲ್ಲಿಗೆ ಏರಿಸಲು ಇನ್ನು ಐದೂವರೆ. ಒಟ್ಟು ಇಪ್ಪತ್ತೆರಡೂವರೆ, ಸರಿ ಹೋಯ್ತು ಅಲ್ವಾ?

ಇಳಿಯುವಾಗ ಮೋಟರೇ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುವ ರೀಜನ್ ಬ್ರೇಕಿಂಗ್‌ನಿಂದ, ಎತ್ತರ ಏರಲು ಹೋದ ಐದೂವರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಆದರೆ ಮೇಲೆ 100% ಚಾರ್ಜ್ ಮಾಡಿ ಇಳಿದರೆ ತುಂಬಲು ಜಾಗವೇ ಇರುವುದಿಲ್ಲ. 80ಕ್ಕೆ ನಿಲ್ಲಿಸಿ.

ಇನ್ನೆಷ್ಟು ದೂರ ಓಡುತ್ತದೆ ಅಂತ ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರ್ ನೋಡಿ ಬ್ಯಾಟರಿಯ ಆರೋಗ್ಯ ಹೇಳಲಾಗದು. ಅದು ಇತ್ತೀಚೆಗೆ ಓಡಿಸಿದ ರೀತಿ ನೋಡಿ ಮಾಡುವ ಅಂದಾಜು. ಘಾಟಿ ಹತ್ತಿ ಬಂದ ಮೇಲೆ ಕಡಿಮೆಯೇ ತೋರಿಸುತ್ತದೆ.

ನಿಜವಾದ ಸವಕಳಿ ತಿಳಿಯಲು ಮನೆಯಲ್ಲೇ 20ರಿಂದ 80% ವರೆಗೆ ಚಾರ್ಜ್ ಮಾಡಿ, ಎಷ್ಟು ಯೂನಿಟ್ ಹೋಯಿತು ಅಂತ ಮೀಟರಿನಲ್ಲಿ ನೋಡಿ. ಆಗ ಫ್ರಿಜ್, ಪಂಪು ಅದೇ ಮೀಟರಿನಲ್ಲಿ ಓಡಬಾರದು. 30ರಲ್ಲಿ 60% ಅಂದರೆ 18. ಚಾರ್ಜಿಂಗ್ ನಷ್ಟ ಸೇರಿ 20–21 ಬರಬೇಕು. ನನಗೆ ಇಪ್ಪತ್ತು ಬಂತು. ಅದೇ ಚಾರ್ಜರ್‌ನಲ್ಲಿ ಎರಡು ಮೂರು ಸಲವೂ 16–17 ಮಾತ್ರ ಬಂದರೆ ಬ್ಯಾಟರಿ ನಿಜವಾಗಿ ಕುಗ್ಗಿರಬಹುದು. ಆಗ ವಾರಂಟಿ ಪುಸ್ತಕ ತೆಗೆದು ಸರ್ವಿಸ್‌ನವರ ಹತ್ತಿರ ಬ್ಯಾಟರಿ ಹೆಲ್ತ್ ರಿಪೋರ್ಟ್ ಕೇಳಿ.