ಮಂಡಿಚಿಪ್ಪು ನೋಯುವವರಿಗೆ: ಲೆಗ್ ಎಕ್ಸ್‌ಟೆನ್ಷನ್ ಎಷ್ಟು, ಸ್ಕ್ವಾಟ್ ಎಷ್ಟು?

ಲೆಗ್ ಎಕ್ಸ್‌ಟೆನ್ಷನ್ ಮೆಷಿನ್‌ನಲ್ಲಿ ಪಾದ ಗಾಳಿಯಲ್ಲಿರುತ್ತದೆ. ಇದು ಓಪನ್ ಚೈನ್. ಮಂಡಿಯೊಂದೇ ಆಡುತ್ತದೆ, ತೊಡೆಯ ಮುಂದಿನ ಸ್ನಾಯು ಹೆಚ್ಚುಕಡಿಮೆ ಒಂಟಿಯಾಗಿ ದುಡಿಯುತ್ತದೆ. ಸ್ಕ್ವಾಟ್‌ನಲ್ಲಿ ಪಾದ ನೆಲಕ್ಕೆ ಊರಿರುತ್ತದೆ, ಅಂದರೆ ಕ್ಲೋಸ್ಡ್ ಚೈನ್. ಮಂಡಿ ಮಡಚಿದರೆ ಸೊಂಟದ ಕೀಲು, ಹಿಮ್ಮಡಿಗಂಟು ಎರಡೂ ಮಡಚಲೇಬೇಕು. ಮುಂದಿನ ಸ್ನಾಯು ಮಂಡಿಯ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದರೆ ತೊಡೆಯ ಹಿಂದಿನ ಸ್ನಾಯು ಹಿಂದಕ್ಕೆ ಹಿಡಿಯುತ್ತದೆ, ಪೃಷ್ಠದ ಸ್ನಾಯು ಸೊಂಟ ಎತ್ತುತ್ತದೆ.

ಹಾಗಂತ ಮೆಷಿನ್ ಕೆಟ್ಟದ್ದಲ್ಲ. ಸ್ಕ್ವಾಟ್‌ನಲ್ಲಿ ಸೋತ ತೊಡೆಯ ಕೆಲಸವನ್ನು ಸೊಂಟ ಕದ್ದು ಮಾಡಿಬಿಡುತ್ತದೆ, ಮೆಷಿನ್‌ನಲ್ಲಿ ಆ ಆಟ ನಡೆಯಲ್ಲ.

ಚಿಪ್ಪಿನ ಮೇಲಿನ ಒತ್ತಡ ಮಾತ್ರ ಎರಡರಲ್ಲಿ ಉಲ್ಟಾ. ಸ್ಕ್ವಾಟ್‌ನಲ್ಲಿ ಕೆಳಗೆ ಹೋದಷ್ಟೂ ಜಾಸ್ತಿ. ಮೆಷಿನ್‌ನಲ್ಲಿ ಕಾಲು ನೇರವಾಗುತ್ತಾ ಬಂದಂತೆ ಜಾಸ್ತಿ, ಯಾಕಂದ್ರೆ ಚಿಪ್ಪು ತೊಡೆಮೂಳೆಗೆ ತಾಗುವ ಜಾಗ ಕಿರಿದಾಗುತ್ತದೆ, ಸ್ನಾಯುವಿನ ಎಳೆತ ಮಾತ್ರ ಇಳಿಯಲ್ಲ.

ಆದ್ದರಿಂದ ಚಿಪ್ಪಿನ ಸುತ್ತ ನೋವಿದ್ದರೆ ಸ್ಕ್ವಾಟ್ ಅನ್ನು ನಿಂತ ಸ್ಥಿತಿಯಿಂದ ಮಂಡಿ ಸುಮಾರು 45 ಡಿಗ್ರಿ ಮಡಚುವವರೆಗೆ ಮಾತ್ರ ಮಾಡಿ, ಅಂದರೆ ಅರ್ಧ ಕೂರುವುದಕ್ಕೂ ಮೊದಲೇ ನಿಲ್ಲಿಸಿ. ಮೆಷಿನ್‌ನಲ್ಲಿ ಮಂಡಿ 90 ಡಿಗ್ರಿ ಮಡಚಿದ ಸ್ಥಿತಿಯಿಂದ 45 ಡಿಗ್ರಿವರೆಗೆ ಮಾತ್ರ ಎತ್ತಿ. ಕೊನೆಯಲ್ಲಿ ಕಾಲು ಲಾಕ್ ಮಾಡಬೇಡಿ. ಮಂಡಿಯ ಲಿಗಮೆಂಟ್ ಆಪರೇಷನ್ ಆದವರು ಮೆಷಿನ್ ಮುಟ್ಟುವ ಮೊದಲು ಫಿಸಿಯೋ ಅವರನ್ನು ಕೇಳಿ.